ಸಭೆ ಮುಗಿದ ಮೇಲೂ ನಿಲ್ಲುವ ನಿರ್ಣಯ: ವಸತಿ ಸಂಘದ ಕಾರ್ಯಸೂಚಿ, ನಡವಳಿ ಬರೆಯುವ ಬಗೆ

ಯಾವುದೇ ವಸತಿ ಸಂಘದ ನಡವಳಿ ಪುಸ್ತಕ ತೆರೆದರೂ ಈ ಧಾಟಿಯ ವಾಕ್ಯವೊಂದು ಸಿಕ್ಕೇ ಸಿಗುತ್ತದೆ: "ತಾರಸಿ ಸೋರಿಕೆಯ ಬಗ್ಗೆ ಸುದೀರ್ಘವಾಗಿ ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು." ಓದಲು ಗಂಭೀರವಾಗಿದೆ. ಆದರೆ ಅದರೊಳಗೆ ತೀರ್ಮಾನವೇ ಇಲ್ಲ. ಎಷ್ಟು ಖರ್ಚು, ಯಾವ ನಿಧಿಯಿಂದ, ಯಾರ ಪಾಲು ಎಷ್ಟು, ಕೆಲಸ ಮಾಡಿಸುವವರು ಯಾರು ಎಂಬ ಒಂದು ಪ್ರಶ್ನೆಗೂ ಉತ್ತರ ಸಿಗದು. ನಾಲ್ಕು ತಿಂಗಳ ನಂತರ ವಂತಿಗೆಯ ಬಿಲ್ ಮನೆಮನೆಗೆ ಬಂದಾಗ "ನಾವು ಒಪ್ಪಿದ್ದು ಇದನ್ನಲ್ಲ" ಎಂದು ಅರ್ಧ ಜನ ಹೇಳುತ್ತಾರೆ. "ಒಪ್ಪಿದಿರಿ, ನಾನೇ ಅಲ್ಲಿದ್ದೆ" ಎಂದು ಉಳಿದರ್ಧ ವಾದಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಸಭೆಯಲ್ಲಿ ಪ್ರತಿಯೊಬ್ಬರೂ ತಮಗೆ ಕೇಳಿಸಿದ್ದಕ್ಕೆ ಕೈ ಎತ್ತಿರುತ್ತಾರೆ, ಅಷ್ಟೇ.

ಇದಕ್ಕೆ ನಡವಳಿ ಬರೆದ ಕಾರ್ಯದರ್ಶಿಯನ್ನು ದೂರುವುದು ರೂಢಿ. ಆದರೆ ಅವರ ಮುಂದಿದ್ದ ಕಾರ್ಯಸೂಚಿಯಲ್ಲಿ "ತಾರಸಿ ದುರಸ್ತಿ ಬಗ್ಗೆ ಚರ್ಚೆ" ಎಂದಷ್ಟೇ ಇದ್ದರೆ ಅವರಾದರೂ ಇನ್ನೇನು ಬರೆದಾರು? ಚರ್ಚೆ ಎಂದು ಕರೆದಿದ್ದಕ್ಕೆ ಚರ್ಚೆ ನಡೆಯಿತು. ನಿರ್ಣಯದ ವಾಕ್ಯವನ್ನು ಸಭೆಗೆ ಮುಂಚೆಯೇ ಬರೆಯಬೇಕು. ಸಭೆ ಅದನ್ನು ಒಪ್ಪಬಹುದು, ತಿದ್ದಬಹುದು, ಬಿಸಾಡಬಹುದು. ನಡವಳಿಯಲ್ಲಿ ಉಳಿಯುವುದು ಆ ವಾಕ್ಯಕ್ಕೆ ಏನಾಯಿತು ಎಂಬ ದಾಖಲೆ. ಇದನ್ನು ಒಂದೇ ಉದಾಹರಣೆಯ ಮೂಲಕ ಕೊನೆಯವರೆಗೂ ನೋಡೋಣ.

ಉದಾಹರಣೆಗೆ 48 ಮನೆಗಳ ಒಂದು ಕಟ್ಟಡ ಇದೆ ಎಂದುಕೊಳ್ಳಿ. 30 ಮನೆಗಳು ತಲಾ 1,100 ಚದರ ಅಡಿ, 18 ಮನೆಗಳು ತಲಾ 1,500 ಚದರ ಅಡಿ. ತಾರಸಿ ಸೋರುತ್ತಿದೆ, ಮೇಲಿನ ಮಹಡಿಯವರ ಸೂರು ಒದ್ದೆಯಾಗಿದೆ. ಸಮಿತಿ ಮೂರು ಗುತ್ತಿಗೆದಾರರಿಂದ ದರಪಟ್ಟಿ ತರಿಸಿದೆ. ವಾರ್ಷಿಕ ಮಹಾಸಭೆಯಲ್ಲಿ ಇದು ತೀರ್ಮಾನವಾಗಬೇಕು.

ಮೊದಲು ಬೈಲಾ ತೆರೆಯಿರಿ

ಕಾರ್ಯಸೂಚಿ ಬರೆಯಲು ಕೂರುವ ಮುನ್ನ ನಿಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ನೋಡಿಕೊಳ್ಳಿ. ಕರ್ನಾಟಕದಲ್ಲಿ ಕೆಲವು ವಸತಿ ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆಯಡಿ ಇವೆ, ಕೆಲವು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ, ಇನ್ನು ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ. ಪಕ್ಕದ ಅಪಾರ್ಟ್‌ಮೆಂಟಿನವರ ನಿಯಮ ನಿಮಗೆ ಅನ್ವಯಿಸದೇ ಇರಬಹುದು. ಅವರ ಕಾರ್ಯಸೂಚಿಯನ್ನು ನಕಲು ಮಾಡುವುದಾದರೂ ನಿಯಮಗಳನ್ನು ನಿಮ್ಮದೇ ಬೈಲಾದಿಂದ ತೆಗೆದುಕೊಳ್ಳಿ.

ಅಲ್ಲಿ ನಾಲ್ಕು ಸಂಗತಿಗಳನ್ನು ಹುಡುಕಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ: ನೋಟಿಸ್ ಎಷ್ಟು ದಿನ ಮುಂಚೆ ಕೊಡಬೇಕು, ಕೋರಂ ಎಷ್ಟು, ಯಾರಿಗೆ ಮತದಾನದ ಹಕ್ಕು ಇದೆ, ಸಾಮಾನ್ಯ ಬಹುಮತ ಸಾಲದ ವಿಷಯಗಳು ಯಾವುವು. ನೋಟಿಸಿನ ದಿನ ಎಣಿಸುವಾಗ ಒಂದು ಎಚ್ಚರಿಕೆ. "ಪೂರ್ಣ 14 ದಿನ" ಎಂದು ಬೈಲಾದಲ್ಲಿದ್ದರೆ ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸುವುದು ವಾಡಿಕೆ. ಸಭೆ 22ನೇ ತಾರೀಖಿಗೆ ಇದ್ದರೆ ನೋಟಿಸ್ 7ರೊಳಗೆ ತಲುಪಿರಬೇಕು. 8ನೇ ತಾರೀಖು ಕೊಟ್ಟ ನೋಟಿಸ್ ಒಂದು ದಿನ ತಡವಾದದ್ದು. ನಿರ್ಣಯ ಇಷ್ಟವಿಲ್ಲದ ಸದಸ್ಯರು ಮುಂದೆ ಹಿಡಿಯುವ ಮೊದಲ ಎಳೆಯೇ ಅದು.

ಮತದ ಹಕ್ಕಿನ ಪ್ರಶ್ನೆಯನ್ನೂ ಸಭೆಗೆ ಮುಂಚೆಯೇ ಬಗೆಹರಿಸಿಕೊಳ್ಳಿ. ಜಂಟಿ ಮಾಲೀಕರಿದ್ದರೆ ಮತ ಯಾರದು, ಬಾಡಿಗೆದಾರರು ಕೂರಬಹುದೇ, ಪ್ರತಿನಿಧಿ ಪತ್ರಕ್ಕೆ ಅವಕಾಶ ಇದೆಯೇ, ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡವರು ಮತ ಹಾಕಬಹುದೇ ಎಂಬುದಕ್ಕೆ ಬೈಲಾ ಏನು ಹೇಳುತ್ತದೆಯೋ ಅದನ್ನು ನೋಟಿಸಿನ ಕೆಳಗೆ ಎರಡು ಸಾಲಿನಲ್ಲಿ ಬರೆಯಿರಿ. ಮತ ಎಣಿಸುವ ಹೊತ್ತಿನಲ್ಲಿ "ನಿಮಗೆ ಮತ ಇಲ್ಲ" ಎಂದರೆ ಎದುರಿನವರಿಗೆ ಅವಮಾನವಾಗುತ್ತದೆ. ಎರಡು ವಾರ ಮುಂಚೆ ಕಾಗದದಲ್ಲಿ ಓದಿದರೆ ಅದು ಬರೀ ನಿಯಮವಾಗಿ ಕಾಣುತ್ತದೆ.

ವಿಷಯವನ್ನು ಕರಡು ನಿರ್ಣಯವಾಗಿ ಬರೆಯುವುದು

ಈಗ ತಾರಸಿಯ ವಿಷಯಕ್ಕೆ ಬರೋಣ. "ತಾರಸಿ ದುರಸ್ತಿ ಬಗ್ಗೆ ಚರ್ಚೆ" ಎಂಬುದನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ:

"ವಿಷಯ 3. ಕರಡು ನಿರ್ಣಯ: ತಾರಸಿಯ ಪೂರ್ಣ ವಿಸ್ತೀರ್ಣಕ್ಕೆ ವಾಟರ್‌ಪ್ರೂಫಿಂಗ್ ಮಾಡಿಸುವುದು. ಇದಕ್ಕೆ ತೆರಿಗೆ ಸೇರಿ ಒಟ್ಟು 9,60,000 ರೂಪಾಯಿ ಮೀರದಂತೆ ವೆಚ್ಚ ಮಾಡಲು ಕಾರ್ಯಕಾರಿ ಸಮಿತಿಗೆ ಅಧಿಕಾರ ನೀಡುವುದು. ಅದರಲ್ಲಿ 3,60,000 ರೂಪಾಯಿಯನ್ನು ದುರಸ್ತಿ ನಿಧಿಯಿಂದ ಬಳಸುವುದು. ಉಳಿದ 6,00,000 ರೂಪಾಯಿಯನ್ನು ಪ್ರತಿ ಮನೆಯ ಮಾಲೀಕರಿಂದ 12,500 ರೂಪಾಯಿಯಂತೆ ವಿಶೇಷ ವಂತಿಗೆಯಾಗಿ ಜನವರಿ 31ರೊಳಗೆ ಸಂಗ್ರಹಿಸುವುದು. ಕೆಲಸವನ್ನು ಏಪ್ರಿಲ್ 30ರೊಳಗೆ ಮುಗಿಸಿ, ಖರ್ಚಿನ ಲೆಕ್ಕವನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸುವುದು."

ಇಲ್ಲಿ ಪ್ರತಿ ಪದಕ್ಕೂ ಕೆಲಸ ಇದೆ. "ಪೂರ್ಣ ವಿಸ್ತೀರ್ಣ" ಎಂದಿರುವುದರಿಂದ ಸೋರುವ ಮೂಲೆಗಷ್ಟೇ ತೇಪೆ ಹಾಕಿ ಮುಗಿಸುವಂತಿಲ್ಲ. "ತೆರಿಗೆ ಸೇರಿ" ಎಂಬುದು ಇಲ್ಲದಿದ್ದರೆ ಗುತ್ತಿಗೆದಾರರ ಬಿಲ್ಲಿಗೆ ತೆರಿಗೆ ಸೇರಿದ ದಿನವೇ ಸಮಿತಿ ಮಿತಿ ದಾಟಿರುತ್ತದೆ. "ಮೀರದಂತೆ" ಎಂಬುದರಿಂದ ಸಮಿತಿಗೆ ಚೌಕಾಸಿ ಮಾಡಲು ಜಾಗ ಸಿಗುತ್ತದೆ, ಸದಸ್ಯರಿಗೆ ಮೇಲ್ಮಿತಿಯ ಭರವಸೆ ಸಿಗುತ್ತದೆ. "ಮಾಲೀಕರಿಂದ" ಎಂದದ್ದು ಬಿಲ್ಲನ್ನು ಬಾಡಿಗೆದಾರರ ಬಾಗಿಲಿಗೆ ಅಂಟಿಸದಿರಲಿ ಎಂದು. ಗುತ್ತಿಗೆದಾರರ ಹೆಸರು ನಿರ್ಣಯದಲ್ಲಿ ಇಲ್ಲದಿರುವುದನ್ನು ಗಮನಿಸಿ. ಅವರನ್ನು ಆಯ್ಕೆ ಮಾಡಬೇಕಾದದ್ದು ಮಹಾಸಭೆಯೇ ಎಂದು ನಿಮ್ಮ ಬೈಲಾ ಹೇಳದಿದ್ದರೆ ಅದನ್ನು ಸಮಿತಿಗೆ ಬಿಡುವುದು ಒಳಿತು. ಹೆಸರು ಹಾಕಿದ ಮೇಲೆ ಆ ವ್ಯಕ್ತಿ ಕೈಕೊಟ್ಟರೆ ಬದಲಿಸಲು ಮತ್ತೊಂದು ಸಭೆ ಕರೆಯಬೇಕಾಗುತ್ತದೆ.

ಹೀಗೆ ಕರಡು ಬರೆದಿಟ್ಟರೆ "ಎಲ್ಲ ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದಾರೆ" ಎಂದು ಯಾರಾದರೂ ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ. ವಿರೋಧಿಸಲು ಕೂಡ ಒಂದು ಖಚಿತ ವಾಕ್ಯ ಬೇಕಲ್ಲವೇ. ತಿದ್ದುಪಡಿ ತರಲು ಬಯಸುವವರು ಸಭೆಗೆ ಮೂರು ದಿನ ಮುಂಚೆ ಬರಹದಲ್ಲಿ ಕೊಟ್ಟರೆ ಅನುಕೂಲ ಎಂದು ನೋಟಿಸಿನಲ್ಲೇ ಕೇಳಿಕೊಳ್ಳಿ. ಕೊಡದೆ ಸಭೆಯಲ್ಲೇ ಎತ್ತಿದವರನ್ನು, ಬೈಲಾ ತಡೆಯದ ಹೊರತು, ತಡೆಯಬೇಡಿ.

ಕರಡಿನ ಜೊತೆಗೆ ಒಂದೇ ಪುಟದ ಟಿಪ್ಪಣಿ ಲಗತ್ತಿಸಿ. ಸೋರಿಕೆ ಎಲ್ಲೆಲ್ಲಿದೆ, ಮೂರು ದರಪಟ್ಟಿಗಳ ಒಟ್ಟು ಮೊತ್ತ ಮತ್ತು ಖಾತರಿ ಅವಧಿ ಏನು, ದುರಸ್ತಿ ನಿಧಿಯಲ್ಲಿ ಇಂದು ಎಷ್ಟಿದೆ, ಇದನ್ನು ತೆಗೆದ ಮೇಲೆ ಎಷ್ಟು ಉಳಿಯುತ್ತದೆ ಎಂಬಷ್ಟು ಸಾಕು. ಕೊನೆಯ ಅಂಕಿಯನ್ನು ಬಹಳ ಸಮಿತಿಗಳು ಬಿಟ್ಟುಬಿಡುತ್ತವೆ, ಸಭೆಯಲ್ಲಿ ಮೊದಲು ಬರುವ ಪ್ರಶ್ನೆಯೂ ಅದೇ.

ವೆಚ್ಚ ಹಂಚಿಕೆಯ ಬಗ್ಗೆ ಒಂದು ಮಿತಿ ಇದೆ. ಮನೆಗಿಷ್ಟು ಎಂದೋ, ಚದರ ಅಡಿಗಿಷ್ಟು ಎಂದೋ, ಅವಿಭಜಿತ ಪಾಲಿನ ಪ್ರಕಾರ ಎಂದೋ ನಿಮ್ಮ ಬೈಲಾ ಅಥವಾ ಘೋಷಣಾ ಪತ್ರದಲ್ಲೇ ನಿಗದಿಯಾಗಿದ್ದರೆ ಸಭೆಯಲ್ಲಿ ಕೈ ಎತ್ತಿಸಿ ಅದನ್ನು ಬದಲಿಸಲಾಗದು. ಮೊದಲು ಬೈಲಾ ತಿದ್ದುಪಡಿಯಾಗಬೇಕು, ಅದರ ವಿಧಾನ ಬೇರೆ. ನಮ್ಮ ಉದಾಹರಣೆಯ ಸಂಘದಲ್ಲಿ ವಿಶೇಷ ವಂತಿಗೆಯ ಹಂಚಿಕೆಯನ್ನು ಮಹಾಸಭೆಗೆ ಬಿಡಲಾಗಿದೆ ಎಂದಿಟ್ಟುಕೊಳ್ಳೋಣ.

ವಿಷಯಗಳ ಸರದಿ, ಮತ್ತು "ಇತರೆ ವಿಷಯಗಳು"

ಹಿಂದಿನ ನಡವಳಿಯ ದೃಢೀಕರಣ, ಹಿಂದಿನ ನಿರ್ಣಯಗಳ ಮೇಲೆ ಕೈಗೊಂಡ ಕ್ರಮದ ವರದಿ, ಲೆಕ್ಕಪತ್ರ ಇವು ಹೇಗೂ ಮೊದಲು ಬರುತ್ತವೆ. ಅವುಗಳ ಬೆನ್ನಿಗೇ ಹಣದ ದೊಡ್ಡ ವಿಷಯವನ್ನು ಇಡಿ. ಪಾರ್ಕಿಂಗ್, ಸಾಕುನಾಯಿ, ಕಸದ ಸಮಯ ಇವೆಲ್ಲ ಅದರ ನಂತರ ಬರಲಿ. ಪಾರ್ಕಿಂಗ್ ಮೊದಲು ಬಂದರೆ ಸಭೆ ಅಲ್ಲೇ ಬಿಸಿಯಾಗಿ, ತಾರಸಿಯ ಹೊತ್ತಿಗೆ ಮೂರನೇ ಒಂದು ಭಾಗ ಜನ ಎದ್ದು ಹೋಗಿರುತ್ತಾರೆ. ಹಾಗೆ ಎದ್ದು ಹೋದವರೇ ನಂತರ "ನಾನಿಲ್ಲದಾಗ ಮಾಡಿದರು" ಎನ್ನುವುದು.

ಕಾರ್ಯಸೂಚಿಯ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯಗಳು" ಎಂಬ ಸಾಲು ಇದ್ದೇ ಇರುತ್ತದೆ. ಇರಲಿ, ಆದರೆ ಅದರಡಿ ಹಣ ಖರ್ಚಾಗುವ, ಹಕ್ಕು ಬದಲಾಗುವ, ದಂಡ ವಿಧಿಸುವ ಯಾವ ತೀರ್ಮಾನವನ್ನೂ ಮಾಡಬೇಡಿ. ಸಭೆಗೆ ಬಾರದ ಸದಸ್ಯರು ಕಾರ್ಯಸೂಚಿ ನೋಡಿ, "ನನಗೆ ಸಂಬಂಧಿಸಿದ್ದು ಏನೂ ಇಲ್ಲ" ಎಂದುಕೊಂಡು ಮನೆಯಲ್ಲಿ ಉಳಿದಿರುತ್ತಾರೆ. ಅವರ ಬೆನ್ನ ಹಿಂದೆ ಇತರೆ ವಿಷಯದಲ್ಲಿ ಸಿ.ಸಿ. ಕ್ಯಾಮೆರಾ ಮಂಜೂರಾದರೆ ಅದನ್ನು ಪ್ರಶ್ನಿಸಲು ಅವರಿಗೆ ನ್ಯಾಯವಾದ ಕಾರಣ ಇದೆ. ಅಂಥ ವಿಷಯ ಬಂದರೆ ನಡವಳಿಯಲ್ಲಿ ಹೀಗೆ ಬರೆಯಿರಿ: "ಸಿ.ಸಿ. ಕ್ಯಾಮೆರಾ ಅಳವಡಿಸುವ ಸಲಹೆ ಬಂತು. ದರಪಟ್ಟಿಯೊಂದಿಗೆ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸುವುದಾಗಿ ಕಾರ್ಯದರ್ಶಿ ತಿಳಿಸಿದರು." ಅಲ್ಲಿಗೆ ನಿಲ್ಲಿಸಿ.

ಕೋರಂ ಇಲ್ಲದೆ ಸಭೆ ಮುಂದೂಡಿದಾಗಲೂ ಇದೇ ಎಚ್ಚರ ಬೇಕು. ಅರ್ಧ ಗಂಟೆ ಕಾದು, ಕೋರಂ ಇಲ್ಲದಿದ್ದರೂ ಸಭೆ ನಡೆಸಬಹುದು ಎಂದು ಕೆಲವು ಬೈಲಾಗಳಲ್ಲಿ ಇರುತ್ತದೆ. ಹಾಗಿದ್ದರೆ ಅದನ್ನು ಮೂಲ ನೋಟಿಸಿನಲ್ಲೇ ಹೇಳಿರಬೇಕು, ಮತ್ತು ಮುಂದೂಡಿದ ಸಭೆಗೆ ಹೊಸ ವಿಷಯ ಸೇರಿಸಬಾರದು. ಹಾಗೆ ಇಲ್ಲದ ಬೈಲಾ ನಿಮ್ಮದಾದರೆ "ಸುಮ್ಮನೆ ನಡೆಸಿಬಿಡೋಣ" ಎಂಬ ಮಾತಿಗೆ ಕಿವಿಗೊಡಬೇಡಿ.

ಸಭೆಯ ದಿನ

ಅಧ್ಯಕ್ಷತೆ ವಹಿಸಿದವರೇ ಟಿಪ್ಪಣಿ ಬರೆಯಬಾರದು. ಚರ್ಚೆಯಲ್ಲಿ ಬಿಸಿಬಿಸಿಯಾಗಿ ಪಾಲ್ಗೊಳ್ಳುವ ಸ್ವಭಾವದ ಕಾರ್ಯದರ್ಶಿಯೂ ಬೇಡ. ಸಹ ಕಾರ್ಯದರ್ಶಿಗೋ, ಮಾತು ಕಡಿಮೆ ಇರುವ ಸದಸ್ಯರೊಬ್ಬರಿಗೋ ವಹಿಸಿ. ಪ್ರತಿ ವಿಷಯಕ್ಕೂ ಒಂದೊಂದು ಹಾಳೆ ಇರಲಿ. ಮೇಲ್ಭಾಗದಲ್ಲಿ ಕರಡು ನಿರ್ಣಯ ಮುದ್ರಿಸಿ, ಕೆಳಗೆ ಸೂಚಕರು, ಅನುಮೋದಕರು, ತಿದ್ದುಪಡಿ, ಪರ, ವಿರೋಧ, ತಟಸ್ಥ ಎಂದು ಖಾಲಿ ಜಾಗ ಬಿಡಿ. ಹಾಳೆಯ ಈ ಖಾನೆಗಳು ತುಂಬದೆ ಮುಂದಿನ ವಿಷಯಕ್ಕೆ ಹೋಗಲು ಟಿಪ್ಪಣಿಕಾರರು ಬಿಡಬಾರದು. ನಯವಾಗಿಯೇ ಕೈ ಎತ್ತಿ "ಅಧ್ಯಕ್ಷರೇ, ಅನುಮೋದಕರ ಹೆಸರು ಸಿಗಲಿಲ್ಲ" ಎಂದು ಕೇಳಬೇಕು.

ಹಾಜರಾತಿಯನ್ನು ಬಾಗಿಲಲ್ಲೇ ಮನೆ ಸಂಖ್ಯೆಯೊಂದಿಗೆ ಸಹಿ ಹಾಕಿಸಿ. ನಮ್ಮ ಉದಾಹರಣೆಯಲ್ಲಿ 48ರಲ್ಲಿ 31 ಮನೆಗಳು ಹಾಜರಿವೆ, ಅವುಗಳಲ್ಲಿ 3 ಪ್ರತಿನಿಧಿ ಪತ್ರದ ಮೂಲಕ. ಕೋರಂ ಮೂರನೇ ಒಂದು ಎಂದಾದರೆ 16 ಮನೆ ಸಾಕು. ಗಂಟೆ ಕಳೆದು ತಾರಸಿಯ ವಿಷಯ ಮತಕ್ಕೆ ಬರುವ ಹೊತ್ತಿಗೆ ಇಬ್ಬರು ಎದ್ದು ಹೋಗಿ 29 ಉಳಿದಿದ್ದಾರೆ. ನಡವಳಿಯಲ್ಲಿ ಎರಡೂ ಸಂಖ್ಯೆ ಬೇಕು: ಸಭೆ ಆರಂಭವಾದಾಗ 31, ಈ ಮತದ ಹೊತ್ತಿಗೆ 29. ಇಲ್ಲದಿದ್ದರೆ ಮುಂದೊಂದು ದಿನ ಯಾರೋ ಮತಗಳನ್ನು ಕೂಡಿಸಿ ನೋಡಿ, ಎರಡು ಮತ ಎಲ್ಲಿ ಹೋದವು ಎಂದು ಹುಡುಕುತ್ತಾರೆ.

ಚರ್ಚೆ ಶುರುವಾಗುತ್ತದೆ. ಚಿಕ್ಕ ಮನೆಯ ಸದಸ್ಯರೊಬ್ಬರು ಎದ್ದು, "ದೊಡ್ಡ ಮನೆಗೂ ನಮಗೂ ಒಂದೇ ಮೊತ್ತವೇ? ಚದರ ಅಡಿ ಲೆಕ್ಕದಲ್ಲಿ ಮಾಡಿ" ಎನ್ನುತ್ತಾರೆ. ಗೊಂದಲ ಹುಟ್ಟುವ ಜಾಗ ಇದು. ಅಲ್ಲಲ್ಲಿಂದ "ಹೌದು ಹೌದು" ಎಂಬ ದನಿ ಬರುತ್ತದೆ, ಅಧ್ಯಕ್ಷರು "ಸರಿ, ಹಾಗೇ ಮಾಡೋಣ" ಎನ್ನುತ್ತಾರೆ, ಮತ್ತು ಕರಡಿನ 12,500 ಉಳಿದಿದೆಯೋ ಹೋಗಿದೆಯೋ ಯಾರಿಗೂ ತಿಳಿಯದು. ಇಲ್ಲಿ ಅಧ್ಯಕ್ಷರು ಚರ್ಚೆಯನ್ನು ನಿಲ್ಲಿಸಿ ಆ ಸಲಹೆಯನ್ನು ತಿದ್ದುಪಡಿಯಾಗಿ ಬರೆಸಬೇಕು.

ಬರೆಯಲು ಹೊರಟಾಗ ಎರಡು ಪ್ರಶ್ನೆ ಏಳುತ್ತವೆ. ಮೊದಲನೆಯದು, ಚದರ ಅಡಿಗೆ ಎಷ್ಟು? 30 ಮನೆ ತಲಾ 1,100 ಎಂದರೆ 33,000 ಚದರ ಅಡಿ. 18 ಮನೆ ತಲಾ 1,500 ಎಂದರೆ 27,000. ಒಟ್ಟು 60,000 ಚದರ ಅಡಿಗೆ 6,00,000 ರೂಪಾಯಿ, ಅಂದರೆ ಚದರ ಅಡಿಗೆ 10 ರೂಪಾಯಿ. ಚಿಕ್ಕ ಮನೆಗೆ 11,000, ದೊಡ್ಡ ಮನೆಗೆ 15,000. ಖಜಾಂಚಿ ಈ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಬೇಕು, ಏಕೆಂದರೆ "ಚದರ ಅಡಿ ಲೆಕ್ಕ" ಎಂಬ ಮಾತಿಗೆ ತಲೆಯಾಡಿಸಿದ ದೊಡ್ಡ ಮನೆಯವರು 15,000 ಎಂದು ಕೇಳಿದಾಗ ಮನಸ್ಸು ಬದಲಿಸಬಹುದು. ಬದಲಿಸುವುದಾದರೆ ಈಗಲೇ ಬದಲಿಸಲಿ. ಎರಡನೆಯದು, ಯಾವ ಚದರ ಅಡಿ? ಕಾರ್ಪೆಟ್ ವಿಸ್ತೀರ್ಣವೋ, ಸೂಪರ್ ಬಿಲ್ಟ್‌ಅಪ್ಪೋ? ಬಾಲ್ಕನಿ ಮುಚ್ಚಿಸಿಕೊಂಡವರ ಲೆಕ್ಕ ಏನು? "ಕ್ರಯಪತ್ರದಲ್ಲಿ ನಮೂದಾದ ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣ" ಎಂಬ ನಾಲ್ಕಾರು ಪದ ಈಗ ಸೇರಿದರೆ ಮುಂದಿನ ಹತ್ತು ಜಗಳಗಳು ಹುಟ್ಟುವುದೇ ಇಲ್ಲ.

ತಿದ್ದುಪಡಿಗೆ ಮೊದಲು ಮತ ಹಾಕಿಸಿ. ಅದು ಗೆದ್ದರೆ ಕರಡು ಬದಲಾಗುತ್ತದೆ, ಬಿದ್ದರೆ ಮೂಲ ಕರಡೇ ಉಳಿಯುತ್ತದೆ. ಆಮೇಲೆ ಪೂರ್ತಿ ನಿರ್ಣಯಕ್ಕೆ ಮತ್ತೊಂದು ಮತ. ತಿದ್ದುಪಡಿ ಗೆದ್ದೊಡನೆ ಕೆಲಸ ಮುಗಿಯಿತು ಎಂದು ಮುಂದಿನ ವಿಷಯಕ್ಕೆ ಹಾರುವ ಸಭೆಗಳು ಬಹಳ. ಹಾಗೆ ಹಾರಿದರೆ ಹಂಚಿಕೆಯ ವಿಧಾನಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿರುತ್ತದೆ, ಹಂಚಬೇಕಾದ ವೆಚ್ಚಕ್ಕೆ ಸಿಕ್ಕಿರುವುದಿಲ್ಲ. ಚದರ ಅಡಿ ಹಂಚಿಕೆಯ ಪರ ಇದ್ದು, ಇಡೀ ಯೋಜನೆಗೇ ವಿರೋಧ ಇರುವವರೂ ಇರುತ್ತಾರೆ.

ಮತಕ್ಕೆ ಹಾಕುವ ಮುಂಚೆ ಟಿಪ್ಪಣಿಕಾರರು ತಿದ್ದಿದ ನಿರ್ಣಯವನ್ನು ಅಕ್ಷರಶಃ ಗಟ್ಟಿಯಾಗಿ ಓದಬೇಕು. ಈ ಇಡೀ ಲೇಖನದಲ್ಲಿ ಒಂದನ್ನು ಮಾತ್ರ ಪಾಲಿಸುವಿರಾದರೆ ಇದನ್ನು ಪಾಲಿಸಿ. ಓದಿದ ಮೇಲೆ ಅಧ್ಯಕ್ಷರು "ಇದೇ ವಾಕ್ಯಕ್ಕೆ ಮತ" ಎಂದು ಹೇಳಿ ಕೈ ಎಣಿಸಬೇಕು. ವಿರೋಧವನ್ನೂ ತಟಸ್ಥರನ್ನೂ ಕೇಳಿಯೇ ಎಣಿಸಿ, ಕಳೆದು ಹಿಡಿಯಬೇಡಿ. "ಯಾರದೂ ಅಭ್ಯಂತರ ಇಲ್ಲವಲ್ಲ?" ಎಂದು ಕೇಳಿ, ಎರಡು ಕ್ಷಣದ ಮೌನವನ್ನು ಸರ್ವಾನುಮತ ಎಂದು ಬರೆದುಕೊಳ್ಳುವ ಪದ್ಧತಿ ಸಣ್ಣ ವಿಷಯಗಳಿಗೆ ನಡೆಯುತ್ತದೆ, ಆರು ಲಕ್ಷದ ವಂತಿಗೆಗೆ ನಡೆಯದು.

ನಡವಳಿ ಬರೆಯುವುದು

ಅದೇ ರಾತ್ರಿ ಅಥವಾ ಮರುದಿನ ಬರೆದು ಮುಗಿಸಿ. ಹಾಳೆಗಳು ತುಂಬಿದ್ದರೆ ಕೆಲಸ ಹೆಚ್ಚೇನೂ ಇರುವುದಿಲ್ಲ. ತಲೆಬರಹದಲ್ಲಿ ಸಂಘದ ಹೆಸರು, ಸಭೆಯ ಬಗೆ, ದಿನಾಂಕ, ಸ್ಥಳ, ಆರಂಭವಾದ ಸಮಯ, ನೋಟಿಸ್ ಕೊಟ್ಟ ದಿನಾಂಕ, ಅಧ್ಯಕ್ಷತೆ ವಹಿಸಿದವರು, ಹಾಜರಿ, ಕೋರಂ ಇದ್ದ ಬಗ್ಗೆ ಒಂದು ಸಾಲು. ನಂತರ ಪ್ರತಿ ವಿಷಯವೂ ಕಾರ್ಯಸೂಚಿಯ ಅದೇ ಸಂಖ್ಯೆಯಲ್ಲಿ ಬರಬೇಕು. ಸಭೆಯಲ್ಲಿ ಸರದಿ ಬದಲಾಗಿದ್ದರೂ ಸಂಖ್ಯೆ ಬದಲಿಸಬೇಡಿ. ಕೈಬಿಟ್ಟ ವಿಷಯವಿದ್ದರೆ "ವಿಷಯ 6: ಸಮಯದ ಅಭಾವದಿಂದ ತೆಗೆದುಕೊಳ್ಳಲಿಲ್ಲ" ಎಂದು ಬರೆಯಿರಿ, ಮಾಯ ಮಾಡಬೇಡಿ.

ತಾರಸಿಯ ವಿಷಯ ಹೀಗೆ ಬರುತ್ತದೆ:

"ವಿಷಯ 3: ತಾರಸಿ ವಾಟರ್‌ಪ್ರೂಫಿಂಗ್. ಮೂರು ದರಪಟ್ಟಿಗಳ ಟಿಪ್ಪಣಿಯನ್ನು ಖಜಾಂಚಿ ಮಂಡಿಸಿದರು. ದುರಸ್ತಿ ನಿಧಿಯಲ್ಲಿ ಉಳಿಯುವ ಮೊತ್ತ, ಖಾತರಿ ಅವಧಿ ಮತ್ತು ವೆಚ್ಚ ಹಂಚಿಕೆಯ ಬಗ್ಗೆ ಸದಸ್ಯರು ಪ್ರಶ್ನಿಸಿದರು.

ಮತದ ಹೊತ್ತಿಗೆ ಹಾಜರಿದ್ದ ಮನೆಗಳು: 29.

ತಿದ್ದುಪಡಿ: 'ಪ್ರತಿ ಮನೆಯ ಮಾಲೀಕರಿಂದ 12,500 ರೂಪಾಯಿಯಂತೆ' ಎಂಬುದರ ಬದಲು 'ಕ್ರಯಪತ್ರದಲ್ಲಿ ನಮೂದಾದ ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣದ ಮೇಲೆ ಚದರ ಅಡಿಗೆ 10 ರೂಪಾಯಿಯಂತೆ ಮಾಲೀಕರಿಂದ' ಎಂದು ಸೇರಿಸುವುದು. ಸೂಚಕರು: ಮನೆ 204. ಅನುಮೋದಕರು: ಮನೆ 311. ಪರ 17, ವಿರೋಧ 10, ತಟಸ್ಥ 2. ತಿದ್ದುಪಡಿ ಅಂಗೀಕಾರವಾಯಿತು.

ನಿರ್ಣಯ 3: ತಿದ್ದಿದ ನಿರ್ಣಯವನ್ನು ಸಭೆಯಲ್ಲಿ ಓದಲಾಯಿತು. ಸೂಚಕರು: ಮನೆ 102. ಅನುಮೋದಕರು: ಮನೆ 405. ಪರ 24, ವಿರೋಧ 3, ತಟಸ್ಥ 2. ಬಹುಮತದಿಂದ ಅಂಗೀಕಾರವಾಯಿತು. ದರಪಟ್ಟಿ ನೀಡಿದವರಲ್ಲಿ ಒಬ್ಬರು ತಮ್ಮ ಸಂಬಂಧಿ ಎಂದು ಮನೆ 108ರ ಸದಸ್ಯರು ತಿಳಿಸಿ ತಟಸ್ಥರಾಗಿ ಉಳಿದರು. ಮನೆ 402ರ ಸದಸ್ಯರು ತಮ್ಮ ವಿರೋಧವನ್ನು ದಾಖಲಿಸಲು ಕೋರಿದರು."

ಇದರ ಕೆಳಗೆ ತಿದ್ದಿದ ನಿರ್ಣಯದ ಪೂರ್ಣ ಪಾಠವನ್ನು ಮತ್ತೆ ಬರೆಯಿರಿ. "ಮೇಲಿನ ತಿದ್ದುಪಡಿಯಂತೆ" ಎಂದು ಬಿಟ್ಟರೆ ಓದುವವರು ಎರಡು ಕಾಗದ ಜೋಡಿಸಿಕೊಂಡು ತಾವೇ ವಾಕ್ಯ ಕಟ್ಟಬೇಕಾಗುತ್ತದೆ, ಒಬ್ಬೊಬ್ಬರು ಒಂದೊಂದು ರೀತಿ ಕಟ್ಟುತ್ತಾರೆ. ಕೊನೆಯಲ್ಲಿ ಹೊಣೆಯ ಸಾಲು: "ವಂತಿಗೆ ಬಿಲ್: ಖಜಾಂಚಿ, ಡಿಸೆಂಬರ್ 31ರೊಳಗೆ. ಗುತ್ತಿಗೆ ಒಪ್ಪಂದ: ಕಾರ್ಯದರ್ಶಿ, ಫೆಬ್ರವರಿ 15ರೊಳಗೆ." ಹೊಣೆಯನ್ನು ಸಮಿತಿ ಎಂದಷ್ಟೇ ಬರೆದರೆ ಯಾರೂ ಮಾಡುವುದಿಲ್ಲ, ಹುದ್ದೆ ಬರೆಯಿರಿ.

ಮಾತಿನ ಚಕಮಕಿಗೆ ಇಲ್ಲಿ ಜಾಗವಿಲ್ಲ ಎಂಬುದನ್ನು ಗಮನಿಸಿರಬಹುದು. ಯಾರು ಯಾರಿಗೆ ಏನೆಂದರು ಎಂದು ಬರೆಯಲು ಹೊರಟರೆ "ನಾನು ಹಾಗೆ ಹೇಳಲಿಲ್ಲ" ಎಂಬ ತಿದ್ದುಪಡಿಗಳಲ್ಲೇ ಮುಂದಿನ ಸಭೆ ಕಳೆಯುತ್ತದೆ. ಕೇಳಿದ ಪ್ರಶ್ನೆಗಳ ಸಾರ ಸಾಕು. ಆದರೆ ವಿರೋಧವನ್ನು ದಾಖಲಿಸಿ ಎಂದು ಸದಸ್ಯರೊಬ್ಬರು ಕೋರಿದರೆ ಮರುಮಾತಿಲ್ಲದೆ ದಾಖಲಿಸಿ. "ಸದಸ್ಯರು ಅನಗತ್ಯವಾಗಿ ವಿರೋಧಿಸಿದರು", "ಸಮಿತಿಯ ಶ್ರಮವನ್ನು ಎಲ್ಲರೂ ಮೆಚ್ಚಿದರು" ಎಂಬಂಥ ಬಣ್ಣದ ಮಾತುಗಳನ್ನು ಅಳಿಸಿ. ಇಂಥ ಒಂದು ಮಾತು ಕಂಡರೆ ಉಳಿದ ಸಾಲುಗಳನ್ನೂ ಓದುಗರು ಅನುಮಾನದಿಂದ ನೋಡುತ್ತಾರೆ.

ಹಂಚುವುದು, ತಿದ್ದುವುದು, ದೃಢೀಕರಿಸುವುದು

ಒಂದು ವಾರದೊಳಗೆ ಕರಡು ನಡವಳಿಯನ್ನು ಎಲ್ಲ ಸದಸ್ಯರಿಗೂ ಕಳುಹಿಸಿ. ಸಭೆಗೆ ಬಾರದವರನ್ನು ಬಿಡಬೇಡಿ. ದಾಖಲೆಯಲ್ಲಿ ತಪ್ಪಿದ್ದರೆ ಇಂತಿಷ್ಟು ದಿನದೊಳಗೆ ಬರಹದಲ್ಲಿ ತಿಳಿಸಿ ಎಂದು ಕೇಳಿ. ಬರುವ ಪತ್ರಗಳು ಎರಡು ಬಗೆ. "ವಿರೋಧ 3 ಅಲ್ಲ, 4. ನಾನೂ ಕೈ ಎತ್ತಿದ್ದೆ" ಎಂಬುದು ದಾಖಲೆಯ ಬಗ್ಗೆ. ಎಣಿಕೆಯ ಹಾಳೆ ತೆಗೆದು ನೋಡಿ ಉತ್ತರಿಸಬೇಕು. "ಚದರ ಅಡಿ ಲೆಕ್ಕ ಅನ್ಯಾಯ, ಬದಲಿಸಿ" ಎಂಬುದು ತೀರ್ಮಾನದ ಬಗ್ಗೆ. ಅದನ್ನು ನಡವಳಿ ತಿದ್ದಿ ಬದಲಿಸುವ ಅಧಿಕಾರ ಕಾರ್ಯದರ್ಶಿಗಾಗಲಿ ಅಧ್ಯಕ್ಷರಿಗಾಗಲಿ ಇಲ್ಲ. ಬೇಕಿದ್ದರೆ ಹೊಸ ವಿಷಯವಾಗಿ ಮುಂದಿನ ಸಭೆಯ ಕಾರ್ಯಸೂಚಿಗೆ ತರಬೇಕು.

ಮುಂದಿನ ಸಭೆಯಲ್ಲಿ ಹಿಂದಿನ ನಡವಳಿಯನ್ನು ದೃಢೀಕರಿಸುವಾಗಲೂ ಇದೇ ಗೆರೆ ಎಳೆಯಿರಿ. ಅಲ್ಲಿ ಕೇಳುವುದು "ನಡೆದದ್ದನ್ನು ಸರಿಯಾಗಿ ಬರೆದಿದೆಯೇ" ಎಂದು. "ಆ ತೀರ್ಮಾನ ಈಗಲೂ ಇಷ್ಟವೇ" ಎಂಬುದು ಅಲ್ಲಿನ ಪ್ರಶ್ನೆ ಅಲ್ಲ. ನಿರ್ಣಯ ಜಾರಿಗೆ ಬರಲು ದೃಢೀಕರಣದವರೆಗೆ ಕಾಯಬೇಕು ಎಂಬ ನಂಬಿಕೆ ಬಹಳ ಕಡೆ ಇದೆ. ಬೈಲಾ ಹಾಗೆ ಹೇಳದ ಹೊರತು, ಅಂಗೀಕಾರವಾದ ದಿನದಿಂದಲೇ ಅದು ಸಂಘದ ನಿರ್ಣಯ. ಇಲ್ಲದಿದ್ದರೆ ಒಂದು ವರ್ಷ ತಾರಸಿ ಸೋರುತ್ತಲೇ ಇರಬೇಕಾಗುತ್ತದೆ.

ನಡವಳಿ ಪುಸ್ತಕದ ಪುಟಗಳಿಗೆ ಸಂಖ್ಯೆ ಇರಲಿ, ನಡುವೆ ಖಾಲಿ ಪುಟ ಬಿಡಬೇಡಿ. ತಪ್ಪು ಕಂಡರೆ ಹಳೆಯದು ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಅಧ್ಯಕ್ಷರು ಕಿರುಸಹಿ ಮತ್ತು ದಿನಾಂಕ ಹಾಕಬೇಕು. ಬಿಳಿ ಬಣ್ಣ ಹಚ್ಚಿ ಮೇಲೆ ಬರೆದದ್ದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಕಳ್ಳತನದಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಬರೆಯುವುದಾದರೆ ಮುದ್ರಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿಸಿ ಕಡತದಲ್ಲಿ ಸೇರಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾರ್ಯದರ್ಶಿ ಹಾಕಿದ ಸಾರಾಂಶವನ್ನು ನಡವಳಿ ಎಂದು ಯಾರೂ ತಿಳಿಯಬಾರದು, ಅಲ್ಲಿ ಬಂದ ಹೆಬ್ಬೆರಳಿನ ಗುರುತುಗಳನ್ನು ಮತ ಎಂದೂ ತಿಳಿಯಬಾರದು.

ಕೆಲಸ ನಡೆಯುವಾಗ ನಿರ್ಣಯ ಸಾಲದಾದರೆ

ಮಾರ್ಚ್ ತಿಂಗಳು, ತಾರಸಿಯ ಕೆಲಸ ನಡೆದಿದೆ. ಒಪ್ಪಂದ 9,30,000 ರೂಪಾಯಿಗೆ ಆಗಿದೆ. ತಾರಸಿಯ ಸುತ್ತಲಿನ ಮೋಟುಗೋಡೆಯಲ್ಲಿ ಬಿರುಕು ಇದೆ, ಅದನ್ನು ಮುಚ್ಚದೆ ಲೇಪಿಸಿದರೆ ನೀರು ಅಲ್ಲಿಂದಲೇ ಇಳಿಯುತ್ತದೆ, ಇನ್ನೂ 70,000 ಬೇಕು ಎಂದು ಗುತ್ತಿಗೆದಾರರು ಹೇಳುತ್ತಾರೆ. ಒಟ್ಟು 10,00,000 ಆಗುತ್ತದೆ. ಮಿತಿ 9,60,000. ಸಮಿತಿಯಲ್ಲಿ ಎಲ್ಲರೂ ಒಪ್ಪಿದರೂ ಈ 40,000 ಅವರ ಕೈಯಲ್ಲಿಲ್ಲ.

ಮೊದಲು ನೋಡಬೇಕಾದದ್ದು ಬೈಲಾದಲ್ಲಿ ಸಮಿತಿಗೆ ಸ್ವತಂತ್ರವಾಗಿ ಖರ್ಚು ಮಾಡುವ ಮಿತಿ ಏನಾದರೂ ಇದೆಯೇ ಎಂದು. ಇದ್ದು, ಈ ಕೆಲಸಕ್ಕೆ ಅದು ಒದಗುವುದಾದರೆ ಸಮಿತಿಯ ಸಭೆಯಲ್ಲಿ "ನಿರ್ಣಯ 3ರ ಮಿತಿಗೆ ಹೊರತಾಗಿ, ಬೈಲಾದ ಇಂಥ ನಿಯಮದಡಿ" ಎಂದು ಬರೆದು ಖರ್ಚು ಮಾಡಬಹುದು. ಇಲ್ಲದಿದ್ದರೆ ಗುತ್ತಿಗೆದಾರರೊಂದಿಗೆ ಕೂತು 30,000ದೊಳಗೆ ಬಿರುಕಿನ ಅತಿ ಅಗತ್ಯದ ಭಾಗ ಮುಗಿಯುತ್ತದೆಯೇ ಎಂದು ಕೇಳಬೇಕು. ಅದೂ ಆಗದಿದ್ದರೆ ವಿಶೇಷ ಮಹಾಸಭೆ. ಅದರ ಕಾರ್ಯಸೂಚಿಯಲ್ಲಿ ಒಂದೇ ವಿಷಯ ಸಾಕು: "ನಿರ್ಣಯ 3ರಲ್ಲಿನ ವೆಚ್ಚದ ಮಿತಿಯನ್ನು 9,60,000 ರೂಪಾಯಿಯಿಂದ 10,00,000 ರೂಪಾಯಿಗೆ ಏರಿಸುವುದು. ಹೆಚ್ಚುವರಿ 40,000 ರೂಪಾಯಿಯನ್ನು ದುರಸ್ತಿ ನಿಧಿಯಿಂದ ಭರಿಸುವುದು. ಉಳಿದ ಅಂಶಗಳಲ್ಲಿ ಬದಲಾವಣೆ ಇಲ್ಲ." ಮೊದಲು ಖರ್ಚು ಮಾಡಿ ಆಮೇಲೆ ಘಟನೋತ್ತರ ಮಂಜೂರಾತಿ ಕೇಳುವ ದಾರಿ ಸುಲಭವೆನಿಸುತ್ತದೆ, ಆದರೆ ಸಭೆ ಒಪ್ಪದಿದ್ದರೆ ಆ 40,000 ಯಾರ ಜೇಬಿನಿಂದ ಎಂಬುದಕ್ಕೆ ಸಮಿತಿಯ ಬಳಿ ಉತ್ತರ ಇರಬೇಕು.

ವಂತಿಗೆಯ ಬಿಲ್, ಗುತ್ತಿಗೆ ಒಪ್ಪಂದ, ಪಾವತಿಯ ವೋಚರ್ ಈ ಮೂರರ ಮೇಲೂ ಸಭೆಯ ದಿನಾಂಕ ಮತ್ತು "ನಿರ್ಣಯ 3" ಎಂದು ನಮೂದಿಸಿ. ಸಮಿತಿ ಬದಲಾದಾಗ ಹೊಸ ಖಜಾಂಚಿ ಹಣದಿಂದ ನಿರ್ಣಯಕ್ಕೆ, ನಿರ್ಣಯದಿಂದ ಮತಕ್ಕೆ ಯಾರನ್ನೂ ಕೇಳದೆ ಹಿಂದಕ್ಕೆ ನಡೆದು ಹೋಗಬಹುದು.